ಹ್ಯಾಂಗ್ ಆದದ್ದು ಸುಮ್ಮನೆ ಕೂತಿರುವುದಿಲ್ಲ

ಪ್ರೋಗ್ರಾಂ ಹ್ಯಾಂಗ್ ಆಯಿತು ಅಂದ ಕೂಡಲೇ ಅದು ನಿಂತೇಹೋಯಿತು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಪರದೆ ಮಿಸುಕುವುದಿಲ್ಲ, ಕೀಲಿ ಒತ್ತಿದರೆ ಓಗೊಡುವುದಿಲ್ಲ, ಇನ್ನೇನು ಅನ್ನಬೇಕು? ಆದರೆ ಬಹುಪಾಲು ಸಲ ಪಾಪ, ಅದು ಗಾಣದೆತ್ತಿನ ಹಾಗೆ ಮೈಮುರಿದು ಸುತ್ತುತ್ತಿರುತ್ತದೆ. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುತ್ತಿರುತ್ತದೆ. ನಾವು ಏನು ಹೇಳಿದ್ದೆವು ಎಂಬುದು ನಮಗೇ ಮರೆತಿರುತ್ತದೆ. ಹಾಗಿರುವಾಗ ಅದನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದರೆ ನಾವೂ ಅದರ ಜೊತೆ ಸುತ್ತಬೇಕಾಗುತ್ತದೆ, ಅಷ್ಟೆ. ಅದು ಖಂಡಿತ ಹಾದುಹೋಗುವ ಒಂದು ಜಾಗದಲ್ಲಿ ಬ್ರೇಕ್‌ಪಾಯಿಂಟ್ ಹಾಕಿ, ಒಂದೇ ಒಂದು ರಿಜಿಸ್ಟರಿನಲ್ಲಿ ಎಷ್ಟಿರಬೇಕು ಎಂದು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಎಷ್ಟಿದೆ ಎಂದು ನೋಡುವುದೇ ಸರಿಯಾದ ದಾರಿ ಎಂಬುದು ನನ್ನ ವಾದ. ಈ ಬರೆದಿಟ್ಟುಕೊಳ್ಳುವ ಭಾಗವನ್ನೇ ಎಲ್ಲರೂ ಹಾರಿಸುವುದು.

ಸಾಕ್ಷಿಗೆ ಡಾಸ್ ಕಾಲದ DEBUG ಸಾಕು. ಇಂಜಿನಿಯರಿಂಗ್ ಕಾಲೇಜಿನ ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ ಕೂತೆದ್ದವರಿಗೆ ಅದರ ಪ್ರಾಂಪ್ಟು, ಅಂದರೆ ಆ ಒಂಟಿ ಹೈಫನ್, ಇನ್ನೂ ನೆನಪಿರಬಹುದು. ಸ್ವಾಗತವಿಲ್ಲ, ಸಹಾಯವಿಲ್ಲ, ಬಾಗಿಲಲ್ಲಿ ಒಂದು ಅಡ್ಡಗೀಟು ಮಾತ್ರ. 8086ಕ್ಕೆ ಬರೆದ ಈ ಪುಟ್ಟ ಪ್ರೋಗ್ರಾಂ ನೋಡಿ. 0200ನೇ ವಿಳಾಸದಿಂದ ಹದಿನೈದು ಸಣ್ಣ ಅಂಕಿಗಳಿವೆ, ಮೂರು ಸಾಲು, ಸಾಲಿಗೆ ಐದು. ಎಲ್ಲವನ್ನೂ AL ರಿಜಿಸ್ಟರಿನಲ್ಲಿ ಕೂಡಬೇಕು.

```
0100 MOV SI,0200
0103 XOR AX,AX
0105 MOV CX,0003
0108 MOV CX,0005
010B ADD AL,[SI]
010D INC SI
010E LOOP 010B
0110 LOOP 0108
0112 INT 20
```

ಓಡಿಸಿದರೆ ಹ್ಯಾಂಗ್. Ctrl-C ಒತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ಡಾಸ್ ಆ ಕೀಲಿಯನ್ನು ಗಮನಿಸುವುದು ಪ್ರೋಗ್ರಾಂ ತನ್ನನ್ನು ಕರೆದಾಗ. ಈ ಸುತ್ತಿನೊಳಗೆ ಡಾಸನ್ನು ಕರೆಯುವವರೇ ಇಲ್ಲ. ಯಂತ್ರವನ್ನೇ ರೀಬೂಟ್ ಮಾಡಬೇಕು. ಆದ್ದರಿಂದ ಬ್ರೇಕ್‌ಪಾಯಿಂಟನ್ನು ಕೊನೆಯ 0112ರಲ್ಲಿ ಹಾಕುವುದು ದಡ್ಡತನ. ಅಲ್ಲಿಗೆ ಅದು ಬರುವುದೇ ಇಲ್ಲ ಎಂಬುದು ತಾನೇ ನಮ್ಮ ದೂರು? ಹೊರಸುತ್ತಿನ ಬಾಗಿಲಾದ 0110ರಲ್ಲಿ ಹಾಕಬೇಕು. LOOP ಎಂಬ ಆದೇಶ CXನಿಂದ ಒಂದು ಕಳೆದು, ಸೊನ್ನೆ ಆಗಿರದಿದ್ದರೆ ಹಿಂದಕ್ಕೆ ಹಾರುತ್ತದೆ. ಮೂರು ಸಾಲಿರುವುದರಿಂದ ಮೊದಲ ಸಲ 0110 ತಲುಪಿದಾಗ CX 0003 ಇರಬೇಕು, SI 0205 ಇರಬೇಕು. ಇದನ್ನು ಕಾಗದದ ಮೇಲೆ ಬರೆದು, ನಂತರ `G=100 110` ಎಂದು ಟೈಪಿಸಬೇಕು.

ಪ್ರೋಗ್ರಾಂ ನಿಲ್ಲುತ್ತದೆ, DEBUG ಎಲ್ಲ ರಿಜಿಸ್ಟರುಗಳನ್ನೂ ಸಾಲಾಗಿ ಹರಡುತ್ತದೆ. SI=0205, ಸರಿ. CX=0000! ಹೆಜ್ಜೆ ಹಾಕಬೇಕಾದ್ದು ಈಗ, ಒಂದೇ ಒಂದು. `T` ಒತ್ತಿದರೆ CX=FFFF, IP=0108. ಸೊನ್ನೆಯಿಂದ ಒಂದು ಕಳೆದರೆ ಹದಿನಾರು ಬಿಟ್ಟಿನ ರಿಜಿಸ್ಟರಿನಲ್ಲಿ ಸಿಗುವುದು 65,535. ಸೊನ್ನೆಯಲ್ಲವಲ್ಲ, ಹಿಂದಕ್ಕೆ ಹಾರಿತು. ಹಾರಿ ಬಿದ್ದ ಜಾಗದಲ್ಲಿ CXಗೆ ಮತ್ತೆ 5. ಒಳಸುತ್ತೂ ಹೊರಸುತ್ತೂ ಒಂದೇ ರಿಜಿಸ್ಟರಿನಲ್ಲಿ ಲೆಕ್ಕ ಇಟ್ಟುಕೊಂಡಿವೆ. ಒಳಗಿನವನು ಹೊರಗಿನವನ ಲೆಕ್ಕವನ್ನು ಪ್ರತಿಸಲ ಅಳಿಸುತ್ತಾನೆ. `G 110` ಎಂದು ಇನ್ನೂ ಮೂರು ಸಲ ಬಿಟ್ಟು ನೋಡಿದರೆ (ನಡುನಡುವೆ ಒಂದೊಂದು `T` ಬೇಕು, ನಿಂತ ಜಾಗದಿಂದ ಕದಲಿಸಲು) SI 020A, 020F, 0214 ಎಂದು ಏರುತ್ತದೆ. ಅಂಕಿಗಳು 020Eಗೇ ಮುಗಿದಿದ್ದವು. ಈಗ ಅದು ಊರವರ ಬೈಟುಗಳನ್ನೆಲ್ಲ ಕೂಡುತ್ತಿದೆ. 8086ರಲ್ಲಿ ತಡೆಯುವ ಕಾವಲಿಲ್ಲ. SI FFFF ದಾಟಿದರೆ ಮತ್ತೆ ಸೊನ್ನೆಯಿಂದ ಶುರು, ಹಾಗಾಗಿ ಕ್ರ್ಯಾಶ್ ಆಗುವ ಭಾಗ್ಯವೂ ಇಲ್ಲ. ಸುತ್ತಿ ಬರುವಾಗ ತನ್ನದೇ ಆದೇಶಗಳನ್ನೂ ಅಂಕಿಗಳೆಂದು ಭಾವಿಸಿ ಮೊತ್ತಕ್ಕೆ ಸೇರಿಸಿಕೊಳ್ಳುತ್ತದೆ.

ಒಂಬತ್ತು ಸಾಲಿನ ಪ್ರೋಗ್ರಾಮಿಗೆ ಇಷ್ಟೆಲ್ಲ ಬೇಕೆ, ಓದಿದರೆ ಗೊತ್ತಾಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಬರೆದವರಿಗೆ ಗೊತ್ತಾಗುವುದಿಲ್ಲ. `MOV CX,0003` ಮೂರು ಸಾಲಿಗೆ ಸರಿ, `MOV CX,0005` ಐದು ಅಂಕಿಗೆ ಸರಿ. ಒಂದೊಂದನ್ನೇ ವಿಚಾರಿಸಿದರೆ ಎರಡೂ ನಿರಪರಾಧಿಗಳು. ಕಣ್ಣು ಓದುವುದು ಉದ್ದೇಶವನ್ನು, ರಿಜಿಸ್ಟರಿಗೆ ಉದ್ದೇಶವೆಂಬುದಿಲ್ಲ. ಇಲ್ಲಿ ಆ ಎರಡು ಸಾಲುಗಳು ಅಕ್ಕಪಕ್ಕ ಇರುವುದೂ ನಮ್ಮ ಪುಣ್ಯ. ಒಳಸುತ್ತು ಬೇರೆಲ್ಲೋ ಒಂದು ಸಬ್‌ರೂಟೀನಿನಲ್ಲಿ ಅಡಗಿದ್ದರೆ ಓದುವ ಕಣ್ಣಿಗೆ ಅದು ಸಿಗುವುದೇ ಇಲ್ಲ.

ನಡುನಡುವೆ ಏನಾದರೂ ಮುದ್ರಿಸಿ ನೋಡಬಹುದಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ದೊಡ್ಡ ಭಾಷೆಗಳಲ್ಲಿ ನಡೆಯುತ್ತದೆ, ನಡೆಯಲಿ. ಇಲ್ಲಿ ಒಂದು ಅಕ್ಷರ ಮುದ್ರಿಸಲು AHಗೆ 2 ಹಾಕಿ INT 21 ಕರೆಯಬೇಕು. ಮರಳಿ ಬರುವಾಗ AL ಕೂಡ ಬದಲಾಗಿರುತ್ತದೆ. ಅದರಲ್ಲೇ ನಮ್ಮ ಮೊತ್ತ ಇರುವುದು! CXನ ಬೆಲೆಯನ್ನು ಅಂಕಿಯಾಗಿ ತೋರಿಸಲು ಇನ್ನೊಂದು ಸುತ್ತು ಬರೆಯಬೇಕು, ಆ ಸುತ್ತೂ CXಅನ್ನೇ ಕೇಳುತ್ತದೆ. ಕಳ್ಳನನ್ನು ಹಿಡಿಯಲು ಹೋದವನೇ ಸಾಕ್ಷಿ ಒರೆಸಿ ಬಂದಂತಾಗುತ್ತದೆ.

ಮೂರನೆಯ ಆಕ್ಷೇಪ ನಿಷ್ಠಾವಂತರದು: ಮೊದಲಿನಿಂದ ಒಂದೊಂದೇ ಹೆಜ್ಜೆ ಹಾಕಿದರೆ ಏನೂ ತಪ್ಪಿಹೋಗುವುದಿಲ್ಲ. `T` ಒತ್ತಿದಾಗ DEBUG ಟ್ರ್ಯಾಪ್ ಫ್ಲ್ಯಾಗನ್ನು ಏರಿಸುತ್ತದೆ, ಪ್ರೊಸೆಸರ್ ಒಂದು ಆದೇಶ ಮುಗಿಸಿ ಇಂಟರಪ್ಟ್ 1ರ ಮೂಲಕ ನಿಯಂತ್ರಣ ಹಿಂತಿರುಗಿಸುತ್ತದೆ. ಚೊಕ್ಕ ವ್ಯವಸ್ಥೆ. ಆದರೆ ಆರು ವಿಷಯ, ಅರವತ್ತು ವಿದ್ಯಾರ್ಥಿಗಳ ಅಂಕಪಟ್ಟಿಯಾದರೆ ಇದೇ ಪ್ರೋಗ್ರಾಂ ತಪ್ಪಿಲ್ಲದೆ ಓಡಿದರೂ ಸಾವಿರಕ್ಕೂ ಮೀರಿ `T` ಒತ್ತಬೇಕು. ನೂರನೆಯದಕ್ಕೆ ಬೆರಳು ಮಾತ್ರ ಕೆಲಸ ಮಾಡುತ್ತಿರುತ್ತದೆ, ಕಣ್ಣು ಊಟದ ಹೊತ್ತನ್ನು ನೋಡುತ್ತಿರುತ್ತದೆ. ಬೇಸತ್ತು `P` ಒತ್ತುವವರೂ ಇದ್ದಾರೆ, ಅದು ಸುತ್ತನ್ನು ಪೂರ್ತಿ ಮುಗಿಸಿ ನಿಲ್ಲುತ್ತದೆ ಎಂಬ ನಂಬಿಕೆಯಿಂದ. 010Eರಲ್ಲಿ ಹೌದು. 0110ರಲ್ಲಿ ಒತ್ತಿದರೆ ಆ ಸುತ್ತು ಮುಗಿಯುವುದೇ ಇಲ್ಲ, ಮತ್ತೆ ರೀಬೂಟ್.

ಈ ವಿಧಾನ ಸೋಲುವ ಕಡೆಯೂ ಇದೆ, ಒಪ್ಪುತ್ತೇನೆ. ಗಡಿಯಾರದ ಇಂಟರಪ್ಟಿಗೋ ಯಾವುದೋ ಸಾಧನದ ಉತ್ತರಕ್ಕೋ ಕಾಯುತ್ತ ಹ್ಯಾಂಗ್ ಆಗುವ ಪ್ರೋಗ್ರಾಮನ್ನು ನಿಲ್ಲಿಸಿ ನೋಡಿದರೆ ವೇಳೆಯ ಲೆಕ್ಕವೇ ಬದಲಾಗಿ, ರೋಗ ತಲೆಮರೆಸಿಕೊಳ್ಳಬಹುದು. ಆದರೆ ವೇಳೆಗೂ ತಪ್ಪಿಗೂ ಸಂಬಂಧವಿಲ್ಲದ ನಮ್ಮಂಥ ಸುತ್ತಿಗೆ ಆ ಭಯವಿಲ್ಲ.

ಚಿಕಿತ್ಸೆ ಸಣ್ಣದು. `MOV CX,0005`ರ ಮುಂಚೆ `PUSH CX`, ಹೊರಗಿನ LOOPನ ಮುಂಚೆ `POP CX`. ಒಟ್ಟು ಎರಡು ಬೈಟು. ಇಷ್ಟು ಮಾಡಿ, ಪರೀಕ್ಷಿಸೋಣವೆಂದು ಹಳೆಯ ಅಭ್ಯಾಸದಂತೆ `G=100 110` ಹೊಡೆದರೆ ಹೊಸ ಅವಾಂತರ ಕಾದಿದೆ. ಬ್ರೇಕ್‌ಪಾಯಿಂಟ್ ಎಂದರೆ DEBUG ಆ ವಿಳಾಸದ ಬೈಟನ್ನು ತೆಗೆದು ತಾತ್ಕಾಲಿಕವಾಗಿ CC ಇಡುವುದು. ಅದು ಆದೇಶದ ಮೊದಲ ಬೈಟೇ ಆಗಿರಬೇಕು. ಸೇರಿಸಿದ್ದರಿಂದ ಸಾಲುಗಳು ಕೆಳಗೆ ಸರಿದಿವೆ, 0110ರಲ್ಲಿ ಈಗ ಇರುವುದು ಒಳಗಿನ LOOPನ ಎರಡನೆಯ ಬೈಟು, ಎಷ್ಟು ದೂರ ಹಾರಬೇಕೆಂದು ಹೇಳುವ ಬೈಟು. ಅಲ್ಲಿ CC ಕೂತರೆ ಪ್ರೋಗ್ರಾಂ 010Cಗೆ ಹಾರುವ ಬದಲು 00DDಗೆ, ಅಂದರೆ ತಾನು ಶುರುವಾಗುವುದಕ್ಕೂ ಹಿಂದಿನ ಜಾಗಕ್ಕೆ ಹಾರುತ್ತದೆ. ಸರಿಯಾದ ಪ್ರೋಗ್ರಾಮನ್ನು ಪರೀಕ್ಷೆಯೇ ಕೆಡಿಸಿದಂತಾಯಿತು. ಆದ್ದರಿಂದ ತಿದ್ದಿದ ಪ್ರತಿಸಲ `U 100` ಕೊಟ್ಟು ವಿಳಾಸಗಳನ್ನು ಮತ್ತೊಮ್ಮೆ ನೋಡಿ. ಹೊರಗಿನ LOOP ಈಗ 0112ರಲ್ಲಿದೆ. ಬ್ರೇಕ್‌ಪಾಯಿಂಟ್ ಅಲ್ಲಿಟ್ಟರೆ CX ಕ್ರಮವಾಗಿ 3, 2, 1 ತೋರಿಸುತ್ತದೆ.