ನನ್ನ ಕೆನ್ನೆ ಸರಿಯಿದ್ದರೆ ಲೋಕವೇ ಸರಿ

ಶರ್ಲಿ ಕಾರ್ಡ್ ಮೇಡಂ ಕೊಡಾಕ್ ಕಂಪನಿಯಿಂದ ನಿವೃತ್ತರು. ಮುಪ್ಪು ಬಂದರೂ ಮುಗುಳ್ನಗೆ ಮಾಸಿಲ್ಲ. ಅಚ್ಚಾಗಿರುವುದರಿಂದ ಮಾಸುವ ಪ್ರಶ್ನೆಯೂ ಇಲ್ಲ.

ಪ್ರಶ್ನೆ: ತಮ್ಮ ಕೆಲಸ ಏನಿತ್ತು ಮೇಡಂ?

ನಗುತ್ತಾ ಕೂರುವುದು. 1950ರ ದಶಕದಿಂದ ನನ್ನನ್ನೂ ನನ್ನ ನೆಗೆಟಿವನ್ನೂ ಲ್ಯಾಬುಗಳಿಗೆ ಕಳಿಸುತ್ತಿದ್ದರು. ಆಪರೇಟರ್ ಆ ನೆಗೆಟಿವಿನಿಂದ ಒಂದು ಪ್ರಿಂಟ್ ಹಾಕಿ, ನನ್ನ ಪಕ್ಕದಲ್ಲಿ ಹಿಡಿದು, ಕೆನ್ನೆ ಹಸಿರಾಯಿತೋ ಕೆಂಪಾಯಿತೋ ನೋಡಿ ಪ್ರಿಂಟರನ್ನು ಹೊಂದಿಸುತ್ತಿದ್ದ. ನನ್ನ ಕೆನ್ನೆ ಸರಿಬಂದರೆ ಯಂತ್ರ ಸರಿ. ಆಮೇಲೆ ಊರಿನವರ ಫೋಟೊಗಳೆಲ್ಲ ಅದೇ ಲೆಕ್ಕದಲ್ಲಿ.

ಪ್ರಶ್ನೆ: ಊರಿನವರೆಲ್ಲ ನಿಮ್ಮಷ್ಟು ಬೆಳ್ಳಗಿರಲಿಲ್ಲವಲ್ಲ?

ನನಗೆ ಹೇಗೆ ಗೊತ್ತಾಗಬೇಕು? ಮೊದಲ ಮಾಡೆಲ್ ಶರ್ಲಿ. ನಂತರ ಬಂದವರೂ ಬಿಳಿಯ ಹೆಂಗಸರೇ, ಅವರೂ ಶರ್ಲಿಯರೇ.

ಪ್ರಶ್ನೆ: ಶಾಲೆಯ ಗ್ರೂಪ್ ಫೋಟೊಗಳ ಬಗ್ಗೆ ಕಪ್ಪು ಮಕ್ಕಳ ತಾಯಂದಿರು ದೂರಿದ್ದು ನೆನಪಿದೆಯೇ?

ಇದೆ. ಆಗಿನ ಫಿಲ್ಮಿಗೆ ತೀರ ಬೆಳಕನ್ನೂ ತೀರ ನೆರಳನ್ನೂ ಒಟ್ಟಿಗೆ ಹಿಡಿಯಲು ಆಗುತ್ತಿರಲಿಲ್ಲ. ಬಿಳಿ ಹುಡುಗನಿಗೆ ಬೆಳಕು ಸರಿಮಾಡಿದರೆ ಪಕ್ಕದ ಕಪ್ಪು ಹುಡುಗನ ಮೂಗು, ಕೆನ್ನೆ, ಗಲ್ಲ ಒಂದೇ ಮಸಿಯಾಗಿ ಕಣ್ಣು ಹಲ್ಲು ಮಾತ್ರ ಉಳಿಯುತ್ತಿದ್ದವು. ಕಂದು ಛಾಯೆಗಳನ್ನು ಬಿಡಿಸಿ ತೋರಿಸುವಂತೆ ರಸಾಯನವನ್ನು ಹದಗೊಳಿಸಬಹುದಿತ್ತು. ಕೇಳುವ ಗಿರಾಕಿ ದೊಡ್ಡವನಾಗಿರಬೇಕಿತ್ತು, ಅಷ್ಟೇ.

ಪ್ರಶ್ನೆ: ಕೊನೆಗೆ ಆ ದೊಡ್ಡ ಗಿರಾಕಿ ಬಂದದ್ದು?

ಮರದ ಕುರ್ಚಿಯ ರೂಪದಲ್ಲಿ! ಪೀಠೋಪಕರಣ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಕಡುಬಣ್ಣದ ಮರವೂ ತಿಳಿಬಣ್ಣದ ಮರವೂ ಒಂದೇ ಥರ ಕಾಣುತ್ತವೆ ಎಂದವು. ಚಾಕೊಲೇಟ್ ಕಂಪನಿಗಳು ಹಾಲಿನದು ಯಾವುದು, ಕಪ್ಪು ಯಾವುದು ತಿಳಿಯುವುದಿಲ್ಲ ಎಂದವು. ತಾಯಂದಿರ ದೂರಿಗೆ ಏಳದ ಕೊಡಾಕ್‌ನವರು ಚಾಕೊಲೇಟಿಗೆ ಎದ್ದು ಕೂತರು. ಮುಂದೆ ಬಂದ ಗೋಲ್ಡ್ ಫಿಲ್ಮಿನ ಹೆಗ್ಗಳಿಕೆ, ಮಬ್ಬು ಬೆಳಕಿನಲ್ಲೂ ಕಪ್ಪು ಕುದುರೆಯನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದು. ಕುದುರೆ! ಮನುಷ್ಯರ ಹೆಸರು ಎತ್ತಲು ಅವರಿಗೆ ಸಂಕೋಚ. 1990ರ ದಶಕದಲ್ಲಿ ಕಾರ್ಡಿನ ಮೇಲೆ ಬೇರೆ ಬೇರೆ ಮೈಬಣ್ಣದ ಹೆಂಗಸರೂ ಬಂದು ಕೂತರು. ಜಾಗ ಇಕ್ಕಟ್ಟಾಯಿತು.

ಪ್ರಶ್ನೆ: ಡಿಜಿಟಲ್ ಸೆನ್ಸರಿಗೆ ಈ ರೋಗ ಇರಬಾರದಿತ್ತು.

ಸೆನ್ಸರ್ ಪಾಪದ್ದು, ಬಿದ್ದ ಬೆಳಕನ್ನು ಎಣಿಸುತ್ತದೆ ಅಷ್ಟೇ. ಎಷ್ಟು ಬೆಳಕು ಬೇಕೆಂದು ಹೇಳುವ ಮೀಟರು, ದೃಶ್ಯವೆಲ್ಲ ಸೇರಿಸಿದರೆ ನಡುಮಧ್ಯದ ಬೂದುಬಣ್ಣ ಬರಬೇಕೆಂದು ನಂಬಿದೆ. ಕಪ್ಪು ಮೈಬಣ್ಣದವರು ಬಿಳಿ ಗೋಡೆಯ ಮುಂದೆ ನಿಂತರೆ ಗೋಡೆಗೆ ಹೆದರಿ ಬೆಳಕು ಇಳಿಸುತ್ತದೆ, ಮುಖ ಮುಳುಗುತ್ತದೆ. ಆಮೇಲೆ ಅದನ್ನು ಎತ್ತಿದರೆ ಕಾಳುಕಾಳು ನಾಯ್ಸ್; ನಾಯ್ಸ್ ಒರೆಸಿದರೆ ಚರ್ಮದ ಸೂಕ್ಷ್ಮ ವಿವರವೂ ಹೋಗುತ್ತದೆ. ಅದೇ ಮುಖ ಚೌಕಟ್ಟು ತುಂಬಿದರೋ, ಬೆಳಕು ಏರಿಸಿ ಬೂದಿ ಬಳಿದಂತೆ ಮಾಡುತ್ತದೆ.

ಪ್ರಶ್ನೆ: ಮದ್ದು ಸಿಕ್ಕಿತೇ?

2021ರಲ್ಲಿ ಗೂಗಲ್ ಪಿಕ್ಸೆಲ್ 6ರಲ್ಲಿ ರಿಯಲ್ ಟೋನ್ ತಂದಿತು. ಬೇರೆ ಬೇರೆ ಮೈಬಣ್ಣದವರ ಫೋಟೊ ತೆಗೆದು ಪಳಗಿದ ಛಾಯಾಗ್ರಾಹಕರನ್ನು ಕೇಳಿ, ಮುಖ ಗುರುತಿಸುವುದನ್ನೂ ಬೆಳಕು ಬಣ್ಣಗಳ ಲೆಕ್ಕವನ್ನೂ ತಿದ್ದಿದರು. ಬೇರೆ ಫೋನಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ, ಬೆಳಕು ಏರಿಸಿ. ಹಿಂದಿನ ಗೋಡೆ ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ. ಗೋಡೆಗೆ ಬಣ್ಣ ಮಾರುವ ಕಂಪನಿಯವರು ದೂರು ಕೊಡುವವರೆಗೆ ಅಡ್ಡಿಯಿಲ್ಲ.