ಕಡೂರಿಗೆ ಡ್ರೈ, ತರೀಕೆರೆಗೆ ಟರ್ಬೊ

ನಮ್ಮ ಯಜಮಾನರು ಮಸ್ಕತ್ತಿನಲ್ಲಿ ಕೂತು ಚಿಕ್ಕಮಗಳೂರು ಜಿಲ್ಲೆಯ ಮೂರು ಎಸಿಗಳನ್ನು ನಡೆಸುತ್ತಾರೆ. ಕಡೂರಿನದು ನನ್ನ ತವರುಮನೆಯದು, ತರೀಕೆರೆಯದು ಅತ್ತೆಯದು, ಅಜ್ಜಂಪುರದ್ದು ನಾದಿನಿಯದು. ಮೂರನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಆಫರಿನಲ್ಲಿ ಕೊಡಿಸಿದ್ದು ಅವರೇ. ಎಲ್ಲವೂ ಒಂದು ಟನ್ನಿನ ಇನ್ವರ್ಟರ್ ಎಸಿ. ಹಾಗಾಗಿ ಸಲಹೆಯೂ ಮೂರು ಮನೆಗೂ ಒಂದೇ: "ಡ್ರೈ ಮೋಡ್‌ಗೆ ಹಾಕಿ, ಕರೆಂಟು ಉಳಿಯುತ್ತೆ."

ಮಸ್ಕತ್ತಿಗೆ ಇದು ಸರಿ. ಸಮುದ್ರದ ಪಕ್ಕದ ಊರು. ಬೇಸಿಗೆ ರಾತ್ರಿ ಬಾಲ್ಕನಿಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಕಡೂರು ಬಾಬಾಬುಡನ್ ಗಿರಿಯ ಆಚೆ ಮಗ್ಗುಲಲ್ಲಿ, ಮಳೆ ನೆರಳಿನಲ್ಲಿ ಕೂತ ಊರು. ಅಲ್ಲಿ ಏಪ್ರಿಲ್ ಮಧ್ಯಾಹ್ನ ಒಗೆದು ಹಾಕಿದ ಪಂಚೆ ಕಾಫಿ ಕುಡಿಯುವಷ್ಟರಲ್ಲಿ ಹಪ್ಪಳವಾಗಿರುತ್ತದೆ. ಆ ಗಾಳಿಯಿಂದ ಇನ್ನೂ ನೀರು ಹಿಂಡು ಅಂತ ಎಸಿಗೆ ಹೇಳಿದರೆ ಅದಾದರೂ ಏನು ಮಾಡೀತು?

ಡ್ರೈ ಮೋಡಿನಲ್ಲಿ ಎಸಿ ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತದೆ. ಒಳಗಿನ ಕಾಯಿಲ್ ತಣ್ಣಗಿರುತ್ತದೆ, ಗಾಳಿ ಅದರ ಮೇಲೆ ನಿಧಾನವಾಗಿ ಹಾಯುವಾಗ ತೇವ ಹನಿಯಾಗಿ ಅಂಟಿ, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಇಲ್ಲವೇ ಮಂದವಾಗುತ್ತದೆ. ಕರೆಂಟು ಉಳಿಯುವುದು ಅದಕ್ಕೇ. ರೂಮು ಒಂದೆರಡು ಡಿಗ್ರಿಗಿಂತ ಹೆಚ್ಚು ತಣ್ಣಗಾಗದಿರುವುದೂ ಅದಕ್ಕೇ. ತಾರಸಿ ಕಾದು 36 ಡಿಗ್ರಿಯಲ್ಲಿ ಕೂತಿದ್ದ ನಮ್ಮಪ್ಪ ಅರ್ಧ ಗಂಟೆ ಸಹಿಸಿಕೊಂಡು ಫೋನ್ ಮಾಡಿದರು. "ಅಳಿಯಂದ್ರೇ, ಇದು ಉಸಿರಾಡ್ತಾ ಇದೆ, ಅಷ್ಟೆ. ಬದುಕಿದೆ ಅನ್ನೋದಕ್ಕೆ ಬೇರೆ ಗುರುತಿಲ್ಲ."

ಡ್ರೈ ಹಾಕಬೇಕೋ ಬೇಡವೋ ತಿಳಿಯಲು ಮಸ್ಕತ್ತಿಗೆ ಫೋನ್ ಮಾಡಬೇಕಿಲ್ಲ, ಹಿತ್ತಲಿಗೆ ಹೋಗಿ ಎಸಿಯ ನೀರಿನ ಪೈಪು ನೋಡಿದರೆ ಸಾಕು. ಕಾಲು ಗಂಟೆ ಓಡಿದ ಮೇಲೆ ತೊಟ್ಟಿಕ್ಕುತ್ತಿದ್ದರೆ ಡ್ರೈಗೆ ಕೆಲಸವಿದೆ. ಪೈಪಿನ ಬಾಯಿ ಒಣಗಿದ್ದರೆ ಸುಮ್ಮನೆ ಕೂಲ್‌ಗೆ ಹಾಕಿ.

ಅಪ್ಪ ಕೂಲ್‌ಗೆ ಹಾಕಲಿಲ್ಲ. ನೇರ ಟರ್ಬೊ ಒತ್ತಿದರು. ಅದು ನಿವೃತ್ತ ಮೇಷ್ಟ್ರಿಗೆ ಒಪ್ಪುವ ಗುಂಡಿ: ಒತ್ತಿದ ತಕ್ಷಣ ಇಡೀ ತರಗತಿ ಎದ್ದು ನಿಲ್ಲುತ್ತದೆ. ಕಂಪ್ರೆಸರೂ ಫ್ಯಾನೂ ಪೂರ್ತಿ ರಭಸಕ್ಕೆ ಹೋಗುತ್ತವೆ. ನೀವು ಇಟ್ಟ 24ನ್ನು ಪಕ್ಕಕ್ಕೆ ತಳ್ಳಿ, ಎಸಿ ತನ್ನಿಂದ ಸಾಧ್ಯವಾದಷ್ಟು ತಣಿಸುತ್ತದೆ. ಬಹುಪಾಲು ಮಾದರಿಗಳಲ್ಲಿ ಇದು ಕೂಲ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ತಾನೇ ಇಳಿದು ಹಳೆಯ ಲೆಕ್ಕಕ್ಕೆ ಬರುತ್ತದೆ. ಕಾದ ರೂಮಿಗೆ ಬಾಗಿಲು ಹಾಕಿಕೊಂಡು ಒಮ್ಮೆ ಒತ್ತಲು ಇದು ಸರಿ. ಅಪ್ಪ ಅದು ಇಳಿದಾಗಲೆಲ್ಲ ಮತ್ತೆ ಒತ್ತುತ್ತಿದ್ದರು, ಬಾಗಿಲು ತೆಗೆದಿಟ್ಟು. "ಹಜಾರಕ್ಕೂ ಬರ್ಲಿ ಅಂತ." ಸಂಜೆ ಊರಿನ ಪಂಪುಸೆಟ್ಟುಗಳೆಲ್ಲ ಶುರುವಾಗಿ ವೋಲ್ಟೇಜ್ ಕುಸಿದಾಗ ಸ್ಟೆಬಿಲೈಜರ್ ಟಕ್ ಅಂತ ಕೈಬಿಟ್ಟಿತು. ಮನೆಯಲ್ಲಿ ಅಪ್ಪನ ಮಾತಿಗೆ ಎದುರಾಡಿದ್ದು ಅದೊಂದೇ.

ರಾತ್ರಿಯದು ಇನ್ನೊಂದು ಕಥೆ. ಸ್ಲೀಪ್ ಒತ್ತಿದರೆ ಎಸಿ ಮಲಗುತ್ತದೆ ಅಂತ ಅಪ್ಪನ ನಂಬಿಕೆ. ಅದು ಮಲಗುವುದಿಲ್ಲ, ನಾವು ಮಲಗಿದ ಮೇಲೆ ಮೈಯ ಶಾಖ ಇಳಿಯುತ್ತದೆ, ಹೊರಗೂ ತಂಪೇರುತ್ತದೆ, ಅದಕ್ಕೆ ತಕ್ಕಂತೆ ಇಟ್ಟ ಡಿಗ್ರಿಯನ್ನು ಮೇಲಕ್ಕೆ ಏರಿಸುತ್ತದೆ. ನಮ್ಮದರಲ್ಲಿ ಮೊದಲ ಗಂಟೆಗೆ ಒಂದು ಡಿಗ್ರಿ, ಎರಡನೇ ಗಂಟೆಗೆ ಇನ್ನೊಂದು, ಆಮೇಲೆ ಅಲ್ಲೇ ನಿಲ್ಲುತ್ತದೆ. ಅಂದರೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದೇ ಮುಖ್ಯ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24ಕ್ಕೇ ಹೊಂದಿಸಿ ಬರಬೇಕೆಂಬ ನಿಯಮವಿದೆ. ಅಪ್ಪ ಅದನ್ನು 18ಕ್ಕೆ ಇಳಿಸಿ ಸ್ಲೀಪ್ ಒತ್ತುತ್ತಿದ್ದರು. ಬೆಳಗಿನ ಜಾವಕ್ಕೆ ಅದು ಏರಿ ಏರಿ 20 ಆಗಿರುತ್ತಿತ್ತು. ಅಮ್ಮ ವಿಡಿಯೊ ಕಾಲ್ ಮಾಡಿ ತೋರಿಸಿದಳು: ಕಡೂರಿನ ಬೇಸಿಗೆಯಲ್ಲಿ ಕಂಬಳಿ, ಮಂಕಿ ಟೋಪಿ, ಮಫ್ಲರು. "ನಿಮ್ಮಪ್ಪ ಬದರೀನಾಥಕ್ಕೆ ಹೋಗಿದಾರೆ, ನೋಡು." ಈಗ 25ಕ್ಕೆ ಇಟ್ಟು ಸ್ಲೀಪ್ ಒತ್ತುತ್ತಾರೆ. 27ಕ್ಕೆ ಬಂದು ನಿಲ್ಲುತ್ತದೆ. ಮೇಲೆ ಸೀಲಿಂಗ್ ಫ್ಯಾನು ಒಂದರಲ್ಲಿ. ಅಂದಹಾಗೆ, ಸ್ಲೀಪ್ ಮೇಲೆ ಟರ್ಬೊ ಒತ್ತಿದರೆ ಸ್ಲೀಪ್ ರದ್ದಾಗುವ ಮಾದರಿಗಳೇ ಹೆಚ್ಚು. ಅತ್ತೆ ಸೊಸೆಯರ ಹಾಗೆ ಇಬ್ಬರಲ್ಲಿ ಒಬ್ಬರದೇ ಮಾತು ನಡೆಯುವುದು.

ಅಜ್ಜಂಪುರದಿಂದ ನಾದಿನಿ ರಿಮೋಟನ್ನು ಕ್ಯಾಮೆರಾಕ್ಕೆ ಹಿಡಿದು, "ಅಣ್ಣಾ, ಕೂಲ್ ಅಂತಾನೇ ತೋರಿಸ್ತಿದೆ, ತಣ್ಣಗೇ ಆಗ್ತಿಲ್ಲ" ಅಂದಳು. ಯಜಮಾನರು ಗ್ಯಾಸ್ ಲೀಕು ಅಂತ ತೀರ್ಪು ಕೊಟ್ಟರು. ಆಗಿದ್ದು ಇಷ್ಟೆ: ಮಗು ಎಸಿ ಎದುರು ನಿಂತು ಫ್ಯಾನ್ ಓನ್ಲಿಗೆ ಹಾಕಿ, ಆಮೇಲೆ ಜಗಲಿಯಲ್ಲಿ ಕೂತು ಗುಂಡಿ ಒತ್ತುತ್ತಾ ಕೂಲ್‌ಗೆ ತಂದಿತ್ತು. ರಿಮೋಟು ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಅದರ ಪರದೆಯಲ್ಲಿರುವುದು ಅದು ಕೊಟ್ಟ ಅಪ್ಪಣೆ, ಎಸಿಯ ಸ್ಥಿತಿಯಲ್ಲ. ಎಸಿಯ ಕಡೆಯಿಂದ 'ಪೀಂ' ಅಂತ ಬಂದರೆ ಮಾತ್ರ ಅಪ್ಪಣೆ ತಲುಪಿದೆ ಅಂತ. ನಮ್ಮ ಮನೆಯವರಿಗೆ ಈ ರಿಮೋಟಿನ ಸ್ವಭಾವ ಅರ್ಥವಾಗದೆ ಹೋದದ್ದು ನನಗೆ ಆಶ್ಚರ್ಯ.

ಫ್ಯಾನ್ ಓನ್ಲಿಯಲ್ಲಿ ಕಂಪ್ರೆಸರ್ ಓಡುವುದೇ ಇಲ್ಲ. ಹೊರಗಿನ ಗಾಳಿಯೂ ಬರುವುದಿಲ್ಲ, ಸ್ಪ್ಲಿಟ್ ಎಸಿ ರೂಮಿನ ಗಾಳಿಯನ್ನೇ ಸುತ್ತಿಸುತ್ತದೆ. ಅಜ್ಜಂಪುರದ ಬಯಲಿನಲ್ಲಿ ರಾತ್ರಿ ಸುಳಿಗಾಳಿ ಇರುವಾಗ ಕಿಟಕಿ ತೆಗೆದರೆ ಇದಕ್ಕಿಂತ ಮೇಲು.

ತರೀಕೆರೆಯ ಅತ್ತೆ ಮಾತ್ರ ಯಾರನ್ನೂ ಕೇಳಲಿಲ್ಲ. ಜುಲೈ ತಿಂಗಳು, ಜಡಿಮಳೆ, ಗೋಡೆಗೆ ಕೈಯಿಟ್ಟರೆ ಪಸೆ. ಮಗ "ಮಳೆಗಾಲ ಅಲ್ವಾ ಅಮ್ಮ, ಬೇಕಿದ್ರೆ ಒಂದ್ಸಲ ಟರ್ಬೊ ಹಾಕಿ ಎಸಿ ಚೆಕ್ ಮಾಡು" ಅಂದಿದ್ದರು. ಅವರು ನೀರಿನ ಹನಿಯ ಚಿತ್ರವಿರುವ ಡ್ರೈಗೆ ಹಾಕಿ, ರೂಮಿನ ತುಂಬ ಹಗ್ಗ ಕಟ್ಟಿ, ಸೀರೆ, ಟವೆಲು, ಮೊಮ್ಮಗನ ಯೂನಿಫಾರ್ಮು ಹರವಿ, ಬಾಗಿಲು ಭದ್ರ ಮಾಡಿದರು. ಹೊರಗಿನ ಪೈಪಿಗೆ ಬಕೆಟ್ಟು. ಸಂಜೆಗೆ ಬಕೆಟ್ಟಿನಲ್ಲಿ ಮೂರು ಲೀಟರಿನಷ್ಟು ನೀರು. ಹತ್ತಡಿ ಹನ್ನೆರಡಡಿ ರೂಮಿನ ಮಳೆಗಾಲದ ಗಾಳಿಯಲ್ಲಿ ಇರುವ ನೀರು ಮುಕ್ಕಾಲು ಲೀಟರೂ ಇರದು. ಉಳಿದದ್ದು ಬಟ್ಟೆಯದು, ಗೋಡೆಯದು, ಹಾಸಿಗೆಯದು. ಬಾಗಿಲು ತೆರೆದಿದ್ದರೆ ಭದ್ರಾ ಅಚ್ಚುಕಟ್ಟಿನ ಅಷ್ಟೂ ತೇವ ಸಾಲಾಗಿ ಒಳಗೆ ಬರುತ್ತಿತ್ತು.

"ಅಮ್ಮ, ಈಗ ಫ್ಯಾನ್ ಓನ್ಲಿಗೆ ಹಾಕು, ಬಟ್ಟೆ ಇನ್ನೂ ಬೇಗ ಒಣಗುತ್ತೆ" ಅಂದರು ಮಗ. ಅತ್ತೆ ಹಾಕಿದರು, ಸ್ವಲ್ಪ ಹೊತ್ತಿಗೇ ರೂಮು ಮತ್ತೆ ಜಿಗಿ ಜಿಗಿ. ಕಾಯಿಲಿನ ಮೇಲೆ ಇನ್ನೂ ಅಂಟಿಕೊಂಡಿದ್ದ ನೀರನ್ನು ಫ್ಯಾನು ವಾಪಸು ಒಳಗೆ ಊದಿತ್ತು. ಹಾಗಂತ ಆ ಗುಂಡಿ ದಂಡವಲ್ಲ. ಬಟ್ಟೆ ತೆಗೆದು, ಬಾಗಿಲು ತೆರೆದು, ಎಸಿ ಆರಿಸುವ ಮುಂಚೆ ಕಾಲು ಗಂಟೆ ಓಡಿಸಿದರೆ ಕಾಯಿಲ್ ಒಣಗುತ್ತದೆ, ಮರುದಿನ ಹಸಿ ಗೋಣಿಚೀಲದ ವಾಸನೆ ಬರುವುದಿಲ್ಲ.

ಬಕೆಟ್ಟಿನ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕು ಅಂತಲೂ ಮಸ್ಕತ್ತಿನಿಂದ ಅಪ್ಪಣೆಯಾಯಿತು. ಕಾಯಿಲಿನ ದೂಳು ತೊಳೆದುಕೊಂಡು ಬಂದ ನೀರು ಬ್ಯಾಟರಿಗೆ ಆಗದು ಅಂತ ನಾನು ಅಡುಗೆಮನೆಯಿಂದಲೇ ಕೂಗಿದೆ. ಅತ್ತೆಗೆ ಕೇಳಿಸಿತೋ ಇಲ್ಲವೋ, ಅವರು ಆಗಲೇ ಅದರಲ್ಲಿ ಜಗಲಿ ಒರೆಸಿ, ಪಕ್ಕದ ಮನೆಯ ಬಾಣಂತಿಯ ಬಟ್ಟೆಗೆ ನಾಳೆ ಹಗ್ಗದಲ್ಲಿ ಜಾಗ ಕೊಡುವ ಮಾತಾಡುತ್ತಿದ್ದರು.