ಮೀಸೆ ಇದ್ದವರ ಕಷ್ಟ

ನಮ್ಮ ಬೆಕ್ಕು ಕೆಂಚಿ ನನ್ನ ಲೋಟದಲ್ಲಿ, ಸ್ನಾನದ ಬಕೆಟ್ಟಿನಲ್ಲಿ ನೀರು ಕುಡಿಯುತ್ತಾಳೆ. ತನ್ನ ಬಟ್ಟಲಲ್ಲಿ ಮಾತ್ರ ಇಲ್ಲ.

"ಬಟ್ಟಲು ಕಿರಿದು ರೀ, ಮೀಸೆಗೆ ಒತ್ತಡ," ಎಂದಳು ಹೆಂಡತಿ. ಮೀಸೆಯ ಬುಡದಲ್ಲಿ ಸೂಕ್ಷ್ಮ ನರಗಳಿರುವುದು ನಿಜ. ಆದರೆ 38 ಬೆಕ್ಕುಗಳಿಗೆ ಅಗಲ ತಟ್ಟೆಯಲ್ಲಿ ಊಟ ಕೊಟ್ಟು ನೋಡಿದವರಿಗೆ, ಅವು ತಿಂದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಯ್ಕೆ ಕೊಟ್ಟಾಗ ಮಾತ್ರ ಹೆಚ್ಚಿನವು ಅಗಲದ್ದನ್ನೇ ಮೆಚ್ಚಿದವು. ಅಂದರೆ ಅದು ಕಾಯಿಲೆಯಲ್ಲ, ಷೋಕಿ. ನನ್ನ ಮೀಸೆ ಮೂವತ್ತು ವರ್ಷದಿಂದ ಕಾಫಿಯಲ್ಲಿ ಅದ್ದುತ್ತಿದೆ; ಅದರ ಒತ್ತಡ ಯಾರೂ ವಿಚಾರಿಸಿಲ್ಲ.

ಆದರೂ ಕಾರಂಜಿ ತಂದೆ. ಕೆಲವು ಬೆಕ್ಕುಗಳಿಗೆ ಹರಿಯುವ ನೀರು ಇಷ್ಟ. ಕೆಂಚಿ ಪಂಜದಿಂದ ಅದನ್ನು ಬಡಿದು ನಡುಮನೆಯನ್ನು ಕೆರೆ ಮಾಡಿದಳು. ವಾರಕ್ಕೆರಡು ಬಾರಿ ಮೋಟಾರು ಬಿಚ್ಚಿ ಲೋಳೆ ತೊಳೆಯುವ ಕೆಲಸ ನನಗೆ ಬಂತು.

ಕೊನೆಗೆ ಜಾಗ ಬದಲಿಸಿದೆವು. ಅಲ್ಲಿಯವರೆಗೆ ನೀರು ಇದ್ದದ್ದು ಅವಳ ಊಟದ ಪಕ್ಕ, ಮರಳಿನ ತಟ್ಟೆಯಿಂದ ಮೂರು ಹೆಜ್ಜೆ. ಕಕ್ಕಸಿನ ಬಾಗಿಲಲ್ಲಿ ಪಾನಕ ಕೊಟ್ಟರೆ ನಾನಾದರೂ ಕುಡಿದೇನೆ? ಅಗಲವಾದ ಗಾಜಿನ ತಟ್ಟೆಯಲ್ಲಿ 300 ಮಿಲಿಲೀಟರ್ ಅಳೆದು ಕಿಟಕಿಯ ಬಳಿ ಇಟ್ಟೆ. ಆವಿಯಾಗುವ ಲೆಕ್ಕ ಕಳೆಯಲು ಅಂಥದ್ದೇ ಇನ್ನೊಂದನ್ನು, ಅವಳಿಗೆ ಎಟುಕದಿರಲೆಂದು, ಫ್ರಿಜ್ ಮೇಲಿಟ್ಟೆ.

ಬೆಳಿಗ್ಗೆ ನೋಡಿದರೆ ಕಿಟಕಿಯ ತಟ್ಟೆ ತುಂಬಿಯೇ ಇತ್ತು. ಫ್ರಿಜ್ ಮೇಲೆ ಕೆಂಚಿ ಕೂತು, ಮೀಸೆ ತಾಗಿಸದೆ, ನನ್ನ ಲೆಕ್ಕವನ್ನು ನಿಧಾನವಾಗಿ ನೆಕ್ಕುತ್ತಿದ್ದಳು.